ನಿಮಗಿದು ಗೊತ್ತೇ? ಎಐ ಚಿತ್ರದ ಅಡಿಬರಹ

ಎಐ ಉಪಕರಣದ ಹೆಸರನ್ನು ಬರೆದರೂ ನೋಡುವವರಿಗೆ ಸತ್ಯ ಮುಟ್ಟದೇ ಹೋಗಬಹುದು. 2022ರಲ್ಲಿ ಅಮೆರಿಕದ ಕೊಲರಾಡೊ ರಾಜ್ಯ ಮೇಳದ ಕಲಾ ಸ್ಪರ್ಧೆಯಲ್ಲಿ ಆದದ್ದು ಇದೇ. ಜೇಸನ್ ಅಲೆನ್ ಎಂಬವರು ತಮ್ಮ ಹೆಸರಿನ ಜೊತೆಗೆ ‘ಮಿಡ್‌ಜರ್ನಿ ಮೂಲಕ’ ಎಂದು ನಮೂದಿಸಿಯೇ ಚಿತ್ರ ಕೊಟ್ಟಿದ್ದರು. ಡಿಜಿಟಲ್ ಕಲೆಯ ವಿಭಾಗದಲ್ಲಿ ಅದಕ್ಕೆ ಮೊದಲ ಸ್ಥಾನವೂ 300 ಡಾಲರ್ ಬಹುಮಾನವೂ ಬಂತು. ಆದರೆ ಮಿಡ್‌ಜರ್ನಿ ಎಂದರೆ ಎಐ ಎಂಬುದೇ ತೀರ್ಪುಗಾರರಿಗೆ ತಿಳಿದಿರಲಿಲ್ಲ. ಗೊತ್ತಿದ್ದರೂ ಬಹುಮಾನ ಕೊಡುತ್ತಿದ್ದೆವು ಎಂದು ಅವರು ಆಮೇಲೆ ಹೇಳಿದರು. ಅಷ್ಟರಲ್ಲಿ ಅನೇಕ ಕಲಾವಿದರು ಸಿಟ್ಟಿಗೆದ್ದಿದ್ದರು. ಬ್ರಾಂಡಿನ ಹೆಸರೊಂದನ್ನೇ ಬರೆದರೆ ಅದು ಬಲ್ಲವರಿಗಷ್ಟೇ ಅರ್ಥವಾಗುತ್ತದೆ. ‘ಈ ಚಿತ್ರವನ್ನು ಎಐ ರಚಿಸಿದೆ’ ಎಂಬ ಸರಳ ವಾಕ್ಯ ಮೊದಲು ಬರಬೇಕು, ಉಪಕರಣದ ಹೆಸರು ಅದರ ನಂತರ.

ಕಿತ್ತೂರು ಚೆನ್ನಮ್ಮನ ಫೋಟೊ ಇರಲು ಸಾಧ್ಯವೇ ಇಲ್ಲ ಎಂದು ಎಷ್ಟು ಮಕ್ಕಳಿಗೆ ಗೊತ್ತು? ರಾಣಿ ತೀರಿಕೊಂಡದ್ದು 1829ರಲ್ಲಿ, ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದ್ದು 1831ರಲ್ಲಿ. ಫೋಟೊ ತೆಗೆಯುವ ವಿಧಾನವನ್ನು ಪ್ಯಾರಿಸ್ಸಿನಲ್ಲಿ ಲೋಕಕ್ಕೆ ಸಾರಿದ್ದು 1839ರಲ್ಲಿ. ಹಾಗಿದ್ದರೂ ಶಾಲೆಯ ಪ್ರಾಜೆಕ್ಟಿಗೆಂದು ಎಐಗೆ ಎರಡು ಸಾಲು ಬರೆದು ಕೊಟ್ಟರೆ, ಮುಖದ ಸುಕ್ಕು, ಕತ್ತಿಯ ಹಿಡಿ, ಕುದುರೆಯ ಬೆವರು ಎಲ್ಲವೂ ಇರುವ ಥೇಟ್ ಫೋಟೊದಂಥ ಚಿತ್ರ ಬರುತ್ತದೆ. ಅದನ್ನು ಅಡಿಬರಹವಿಲ್ಲದೆ ಚಾರ್ಟಿಗೆ ಅಂಟಿಸಿದರೆ ನೋಡಿದ ಮಗು ಅದನ್ನೇ ಚೆನ್ನಮ್ಮನ ಮುಖ ಎಂದು ನಂಬುತ್ತದೆ. ಕಲಾವಿದರು ಬಿಡಿಸಿದ ಚೆನ್ನಮ್ಮನ ಚಿತ್ರಗಳೂ ಕಲ್ಪನೆಯೇ ತಾನೆ ಎನ್ನಬಹುದು. ನಿಜ, ಆದರೆ ಕುಂಚದ ಗುರುತು ಕಂಡಾಗ ಅದು ಯಾರೋ ಬರೆದ ಚಿತ್ರವೆಂದು ಕಣ್ಣಿಗೇ ತಿಳಿಯುತ್ತದೆ. ಫೋಟೊದಂತೆ ಕಾಣುವ ಚಿತ್ರ ತಾನು ಚಿತ್ರವೆಂದು ಹೇಳಿಕೊಳ್ಳುವುದಿಲ್ಲ.

ಇಂಥ ಚಿತ್ರಕ್ಕೆ ಹೀಗೆ ಬರೆದರೆ ಸಾಕು: ‘ಕಾಲ್ಪನಿಕ ಚಿತ್ರ. ಎಐ ಉಪಕರಣದಿಂದ ರಚಿಸಿದ್ದು. ಚೆನ್ನಮ್ಮನ ಕಾಲದ ಫೋಟೊ ಯಾವುದೂ ಇಲ್ಲ.’ ಪತ್ರಿಕೆಗಳ ‘ಸಾಂದರ್ಭಿಕ ಚಿತ್ರ’ ಎಂಬ ನಮೂದು ಇಲ್ಲಿ ಸಾಲದು, ಅದನ್ನು ಓದಿದವರು ಬೇರೆಲ್ಲೋ ತೆಗೆದ ನಿಜವಾದ ಫೋಟೊ ಎಂದುಕೊಳ್ಳುತ್ತಾರೆ.

ಕಾಲೇಜಿನ ವಿದ್ಯಾರ್ಥಿಗಳಿಗೆ ಸಿದ್ಧ ಮಾದರಿಯೇ ಇದೆ. ಪ್ರಬಂಧಗಳಲ್ಲಿ ಆಕರ ನಮೂದಿಸುವ ಎಂಎಲ್ಎ ಪದ್ಧತಿಯಲ್ಲಿ, ಎಐ ಚಿತ್ರದ ಅಡಿಯಲ್ಲಿ ಮೊದಲು ಬರುವುದು ನೀವು ಉಪಕರಣಕ್ಕೆ ಕೊಟ್ಟ ಸೂಚನೆಯ ಸಾಲು. ನಂತರ ಉಪಕರಣದ ಹೆಸರು, ಆವೃತ್ತಿ, ಕಂಪನಿ, ರಚಿಸಿದ ದಿನಾಂಕ. ಸೂಚನೆಯ ಸಾಲನ್ನು ಬರೆಯುವುದರಿಂದ ಮೇಷ್ಟ್ರಿಗೆ ಬಹಳ ಉಪಯೋಗ. ವಿದ್ಯಾರ್ಥಿ ಕೇಳಿದ್ದೆಷ್ಟು, ಯಂತ್ರ ತಾನಾಗಿ ಸೇರಿಸಿದ್ದೆಷ್ಟು ಎಂಬುದು ಅದರಿಂದ ಗೊತ್ತಾಗುತ್ತದೆ.

ಕಣ್ಣಿಗೆ ಕಾಣದ ಲೇಬಲ್ ಕೂಡ ಇದೆ, ಗೊತ್ತೇ? ಬಹುತೇಕ ಚಿತ್ರದ ಫೈಲುಗಳೊಳಗೆ ಮೆಟಾಡೇಟಾ ಬರೆಯಲು ಜಾಗವಿರುತ್ತದೆ. ಸುದ್ದಿ ಸಂಸ್ಥೆಗಳ ಒಕ್ಕೂಟವಾದ ಐಪಿಟಿಸಿ, ಚಿತ್ರ ಹುಟ್ಟಿದ್ದು ಹೇಗೆ ಎಂದು ಅಲ್ಲಿ ಬರೆಯಲು ನಿಗದಿತ ಪದಗಳನ್ನು ಗೊತ್ತುಮಾಡಿದೆ. ಪೂರ್ತಿ ಎಐ ರಚಿಸಿದ್ದಕ್ಕೆ `trainedAlgorithmicMedia`, ಎಐ ಭಾಗದ ಜೊತೆ ಬೇರೆಯದೂ ಸೇರಿದ್ದಕ್ಕೆ `compositeWithTrainedAlgorithmicMedia`. ಉಚಿತವಾಗಿ ಸಿಗುವ ಎಕ್ಸಿಫ್‌ಟೂಲ್ ಎಂಬ ತಂತ್ರಾಂಶ ಇದ್ದರೆ ನೀವೇ ಬರೆಯಬಹುದು:

```
exiftool -XMP-iptcExt:DigitalSourceType="http://cv.iptc.org/newscodes/digitalsourcetype/compositeWithTrainedAlgorithmicMedia" cover.jpg
```

ಮೂಲ ಫೈಲನ್ನು ಅದು `cover.jpg_original` ಎಂಬ ಹೆಸರಿನಲ್ಲಿ ಉಳಿಸಿಕೊಳ್ಳುತ್ತದೆ, ಹಾಗಾಗಿ ಹಾಳಾಗುವ ಭಯವಿಲ್ಲ. ಅಡೋಬಿ, ಮೈಕ್ರೊಸಾಫ್ಟ್, ಬಿಬಿಸಿ ಮೊದಲಾದವರು 2021ರಲ್ಲಿ ಸೇರಿ ಕಟ್ಟಿದ ಸಿ2ಪಿಎ ಒಕ್ಕೂಟದ ವ್ಯವಸ್ಥೆ ಇನ್ನೂ ಒಂದು ಹೆಜ್ಜೆ ಮುಂದೆ. ಅದರಲ್ಲಿ ಈ ವಿವರಕ್ಕೆ ಡಿಜಿಟಲ್ ಸಹಿಯೂ ಇರುತ್ತದೆ, ಆಮೇಲೆ ಯಾರಾದರೂ ತಿದ್ದಿದರೆ ಪತ್ತೆಯಾಗುತ್ತದೆ.

ಆದರೆ ಈ ಒಳಗಿನ ಲೇಬಲ್ ಬಲು ಬೇಗ ಉದುರಿಹೋಗುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಚಿತ್ರವನ್ನು ಫೋಟೊ ಆಗಿ ಕಳಿಸಿದರೆ ಆ್ಯಪ್ ಅದನ್ನು ಕುಗ್ಗಿಸುತ್ತದೆ, ಮೆಟಾಡೇಟಾ ಅಲ್ಲೇ ಅಳಿಸಿಹೋಗುತ್ತದೆ. ಸ್ಕ್ರೀನ್‌ಶಾಟ್ ತೆಗೆದರಂತೂ ಏನೂ ಉಳಿಯದು. ಚಿತ್ರ ಮಾಡಿಸಿಕೊಂಡ ಗಿರಾಕಿಗೆ ಕಳಿಸುವಾಗ ‘ಡಾಕ್ಯುಮೆಂಟ್’ ಆಯ್ಕೆಯಲ್ಲಿ ಕಳಿಸಿ, ಆಗ ಫೈಲು ಇದ್ದಂತೆಯೇ ತಲುಪುತ್ತದೆ. ಇಷ್ಟಾದರೂ ಅವರು ಅದನ್ನು ನಾಲ್ಕು ಗ್ರೂಪುಗಳಿಗೆ ಫೋಟೊ ಆಗಿ ಹಂಚುವುದನ್ನು ತಡೆಯಲಾಗದು. ಹಾಗಾಗಿ ಕಣ್ಣಿಗೆ ಕಾಣುವ ಅಕ್ಷರ ಚಿತ್ರದ ಮೇಲೇ ಇರಬೇಕೆಂಬುದು ನನ್ನ ಪಟ್ಟು. ತೀರಾ ಮೂಲೆಯಲ್ಲಿ ಬರೆದರೆ ಇನ್‌ಸ್ಟಾಗ್ರಾಂ ಪುಟದಲ್ಲಿ ಅಂಚು ಕತ್ತರಿಸಿದಾಗ ಅದೂ ಹೋಗುತ್ತದೆ, ಸ್ವಲ್ಪ ಒಳಗೆ ಸರಿಸಿ ಬರೆಯಿರಿ. ಮೊಬೈಲಿನಲ್ಲಿ ದೊಡ್ಡದು ಮಾಡದೆಯೇ ಓದಲು ಬರುತ್ತದೆಯೇ ಎಂದು ಒಮ್ಮೆ ನೋಡಿಕೊಳ್ಳಿ.

ಲೇಬಲ್ ಇಲ್ಲದ ಚಿತ್ರವೆಲ್ಲ ಕೈಯಿಂದ ಮಾಡಿದ್ದು ಎಂದೂ ತಿಳಿಯಬೇಡಿ. ಲೇಬಲ್ ಇಲ್ಲವೆಂದರೆ ಮೊದಲಿನಿಂದಲೂ ಇರಲಿಲ್ಲವೋ ದಾರಿಯಲ್ಲಿ ಉದುರಿತೋ ಹೇಳಲಾಗದು.

ತಪ್ಪು ಲೇಬಲ್‌ನಿಂದ ನಿಜವಾದ ಫೋಟೊಗ್ರಾಫರುಗಳಿಗೂ ಪೆಟ್ಟು ಬಿದ್ದಿದೆ. 2024ರ ಮೇ ತಿಂಗಳಿನಿಂದ ಫೇಸ್‌ಬುಕ್, ಇನ್‌ಸ್ಟಾಗ್ರಾಂಗಳು ಫೈಲಿನ ಮೆಟಾಡೇಟಾ ಓದಿ ‘ಎಐಯಿಂದ ಮಾಡಿದ್ದು’ ಎಂಬ ಮುದ್ರೆ ಒತ್ತತೊಡಗಿದವು. ಫೋಟೊಶಾಪಿನಲ್ಲಿ ಒಂದು ಸಣ್ಣ ಕಲೆಯನ್ನು ಎಐ ಬಳಸಿ ಅಳಿಸಿದ್ದರೂ ಇಡೀ ಫೋಟೊಗೆ ಆ ಮುದ್ರೆ ಬಿತ್ತು. ಶ್ವೇತಭವನದ ಛಾಯಾಗ್ರಾಹಕರಾಗಿದ್ದ ಪೀಟ್ ಸೋಜಾ ಅವರ ಹಳೆಯ ಬ್ಯಾಸ್ಕೆಟ್‌ಬಾಲ್ ಫೋಟೊ ಕೂಡ ಅದಕ್ಕೆ ಸಿಕ್ಕಿಬಿದ್ದಿತ್ತು. ಗಲಾಟೆ ಜೋರಾದ ಮೇಲೆ ಜುಲೈನಲ್ಲಿ ಮೆಟಾ ಕಂಪನಿ ಆ ಪದಗಳನ್ನು ‘ಎಐ ಮಾಹಿತಿ’ ಎಂದು ಬದಲಿಸಿತು. ಕಲೆ ಅಳಿಸಿದ್ದೂ ಇಡೀ ಚಿತ್ರ ಹುಟ್ಟಿಸಿದ್ದೂ ಒಂದೇ ಮುದ್ರೆಯಡಿ ಬಂದರೆ ಓದುಗನಿಗೆ ಏನೂ ತಿಳಿಯುವುದಿಲ್ಲ. ಯಾವ ಭಾಗ ಎಐ ಎಂದು ಬಿಡಿಸಿ ಹೇಳಬೇಕಾದವರು ಚಿತ್ರ ಮಾಡಿದವರೇ.

ಎಐ ಚಿತ್ರವನ್ನು ನಿಜವೆನ್ನುವುದರ ತಿರುಗುಮುರುಗು ಸುಳ್ಳೂ ನಡೆದಿದೆ. 2024ರಲ್ಲಿ ಮೈಲ್ಸ್ ಆಸ್ಟ್ರೇ ಎಂಬ ಛಾಯಾಗ್ರಾಹಕ ತಾನು ನಿಜವಾಗಿಯೂ ತೆಗೆದ ರಾಜಹಂಸದ ಫೋಟೊವನ್ನು ಸ್ಪರ್ಧೆಯೊಂದರ ಎಐ ವಿಭಾಗಕ್ಕೆ ಕಳಿಸಿ ಬಹುಮಾನ ಗೆದ್ದರು. ಹಕ್ಕಿ ಹೊಟ್ಟೆ ಕೆರೆದುಕೊಳ್ಳುತ್ತಿದ್ದುದರಿಂದ ತಲೆಯೇ ಕಾಣದೆ ಅದು ಎಐ ಎಡವಟ್ಟಿನಂತಿತ್ತು. ನಿಜ ಹೇಳಿದ ಮೇಲೆ ಬಹುಮಾನ ಹಿಂದಕ್ಕೆ ಹೋಯಿತು.

ಈಗ ಗಿರಾಕಿಯ ವಿಷಯಕ್ಕೆ ಬರೋಣ, ಇಲ್ಲಿ ದುಡ್ಡೂ ಹಕ್ಕೂ ಸೇರಿಕೊಂಡಿವೆ. ಒಂದು ಕಥಾಸಂಕಲನದ ಮುಖಪುಟ ಎಂದಿಟ್ಟುಕೊಳ್ಳಿ. ಮಳೆಯಲ್ಲಿ ನೆನೆದ ಕಾಫಿ ತೋಟದ ಹಿನ್ನೆಲೆಯನ್ನು ಕಲಾವಿದೆ ಎಐಯಿಂದ ತೆಗೆದರು. ಕೊಡೆ ಹಿಡಿದ ಹುಡುಗಿಯನ್ನು ಟ್ಯಾಬ್ಲೆಟ್‌ನಲ್ಲಿ ತಾವೇ ಬಿಡಿಸಿದರು. ಶೀರ್ಷಿಕೆಯನ್ನೂ ಕೈಯಲ್ಲೇ ಬರೆದರು, ಏಕೆಂದರೆ ಕನ್ನಡದ ಒತ್ತಕ್ಷರಗಳಲ್ಲಿ ಹಲವು ಎಐ ಉಪಕರಣಗಳು ಇನ್ನೂ ಎಡವುತ್ತವೆ. ನಮ್ಮ ಪುಸ್ತಕಗಳ ಮೊದಲ ಪುಟಗಳಲ್ಲಿ ‘ಮುಖಪುಟ ವಿನ್ಯಾಸ’ ಎಂಬ ಸಾಲು ಮೊದಲಿಂದಲೂ ಇದ್ದೇ ಇದೆ. ಅಲ್ಲೇ ಹೀಗೆ ಹಾಕಬಹುದು: ‘ಮುಖಪುಟ ವಿನ್ಯಾಸ, ಹುಡುಗಿಯ ಚಿತ್ರ, ಅಕ್ಷರ: ಇಂಥವರು. ಹಿನ್ನೆಲೆ: ಎಐ ರಚನೆ.’ ಬಿಲ್ಲಿನಲ್ಲೂ ಈ ಎರಡು ಸಾಲು ಬೇರೆ ಬೇರೆಯಾಗಿ ಬರಬೇಕು. ಕರಡು ತೋರಿಸುವ ದಿನವೇ ಹೇಳಿಬಿಡುವುದು ಒಳ್ಳೆಯದು. ಅಚ್ಚಿಗೆ ಹೋದ ಮೇಲೆ ಹೇಳಿದರೆ ಪ್ರಕಾಶಕರಿಗೆ ಬೇಡ ಎನ್ನುವ ಅವಕಾಶವೇ ಇರುವುದಿಲ್ಲ.

ಮುಚ್ಚಿಟ್ಟರೆ ಏನಾಗುತ್ತದೆ? ಆ ಕಥೆಗಳ ಇಂಗ್ಲಿಷ್ ಅನುವಾದವನ್ನು ಪ್ರಕಾಶಕರು ಅದೇ ಮುಖಪುಟದೊಂದಿಗೆ ಅಮೆಜಾನಿನ ಕಿಂಡಲ್‌ಗೆ ಏರಿಸಲು ಹೋದರೆ, ಪುಸ್ತಕದಲ್ಲಿ ಎಐ ರಚಿಸಿದ ಪಠ್ಯ, ಚಿತ್ರ ಇದೆಯೇ ಎಂಬ ಪ್ರಶ್ನೆಗೆ ಉತ್ತರಿಸಬೇಕು. 2023ರ ಸೆಪ್ಟೆಂಬರಿನಿಂದ ಈ ನಿಯಮವಿದೆ. ಎಐ ಚಿತ್ರವನ್ನು ಆಮೇಲೆ ಎಷ್ಟೇ ತಿದ್ದಿದ್ದರೂ ಅದು ಎಐ ರಚನೆಯೆಂದೇ ಲೆಕ್ಕ. ಕಲಾವಿದೆ ಹೇಳದೇ ಇದ್ದರೆ ಪ್ರಕಾಶಕರು ತಮಗೆ ಅರಿವಿಲ್ಲದೆಯೇ ಸುಳ್ಳು ಘೋಷಣೆ ಮಾಡಿದಂತಾಗುತ್ತದೆ.

ಹಕ್ಕಿನ ವಿಷಯದಲ್ಲಿ ದೇಶಕ್ಕೊಂದು ನಿಲುವು. ಅಮೆರಿಕದ ಕಾಪಿರೈಟ್ ಕಚೇರಿ 2023ರಲ್ಲಿ ‘ಜರ್ಯಾ ಆಫ್ ದ ಡಾನ್’ ಎಂಬ ಚಿತ್ರಕಥೆಯ ಬರಹಕ್ಕೆ, ಜೋಡಣೆಗೆ ಹಕ್ಕು ಕೊಟ್ಟು, ಮಿಡ್‌ಜರ್ನಿಯಿಂದ ಬಂದ ಬಿಡಿ ಚಿತ್ರಗಳಿಗೆ ಇಲ್ಲವೆಂದಿತು. ಅದೇ ವರ್ಷ, ಕೊಲರಾಡೊದಲ್ಲಿ ಬಹುಮಾನ ಗೆದ್ದ ಅಲೆನ್ ಅವರ ಅರ್ಜಿಯನ್ನೂ ತಿರಸ್ಕರಿಸಿತು. ತಾನು ಕನಿಷ್ಠ 624 ಸಲ ಸೂಚನೆ ಬದಲಿಸಿ ಬದಲಿಸಿ ಚಿತ್ರ ತೆಗೆದೆನೆಂದು ಅವರು ವಾದಿಸಿದ್ದರು. ಎಐ ಭಾಗವನ್ನು ಅರ್ಜಿಯಿಂದ ಬಿಟ್ಟುಕೊಡಿ ಎಂದು ಕಚೇರಿ ಕೇಳಿದಾಗ ಒಪ್ಪಲಿಲ್ಲ. ಭಾರತದ 1957ರ ಕಾಯ್ದೆಯಲ್ಲಿ ಕಂಪ್ಯೂಟರಿನಿಂದ ತಯಾರಾದ ಕೃತಿಗೆ, ಅದು ತಯಾರಾಗಲು ಕಾರಣನಾದ ವ್ಯಕ್ತಿಯೇ ಕರ್ತೃ ಎಂಬ ಮಾತಿದೆ. ಆದರೆ ಅದನ್ನು ಬರೆದ ಕಾಲಕ್ಕೆ ಇಂಥ ಎಐ ಇರಲಿಲ್ಲ. ‘ಪೂರ್ತಿ ಹಕ್ಕು ನಿಮಗೇ ಬರೆದುಕೊಟ್ಟಿದ್ದೇನೆ’ ಎಂದು ಗಿರಾಕಿಗೆ ಸಹಿ ಹಾಕಿಕೊಡುವ ಮುನ್ನ ಎಐ ಭಾಗವನ್ನು ಪ್ರತ್ಯೇಕವಾಗಿ ನಮೂದಿಸಿ.

ಕಡೆಯದಾಗಿ ನಮ್ಮ ದೇಶದ ಹೊಸ ನಿಯಮ. 2025ರ ಅಕ್ಟೋಬರಿನ ಕರಡಿನಲ್ಲಿ, ಲೇಬಲ್ ಚಿತ್ರದ ಕನಿಷ್ಠ ಶೇ 10ರಷ್ಟು ಜಾಗದಲ್ಲಿ ಇರಬೇಕು ಎಂದಿತ್ತು. 2026ರ ಫೆಬ್ರುವರಿ 20ರಿಂದ ಜಾರಿಗೆ ಬಂದ ನಿಯಮದಲ್ಲಿ ಆ ಅಳತೆ ಇಲ್ಲ, ಎದ್ದು ಕಾಣುವಂತೆ ಇರಬೇಕು ಎಂದಷ್ಟೇ ಇದೆ. ದೊಡ್ಡ ಸಾಮಾಜಿಕ ಜಾಲತಾಣಗಳು ಪೋಸ್ಟ್ ಮಾಡುವವರಿಂದ ಘೋಷಣೆ ಪಡೆಯಬೇಕು, ಹಾಕಿದ ಲೇಬಲ್ ತೆಗೆಯಲು ಬಿಡಬಾರದು. ಈ ನಿಯಮ ಗುರಿಯಿಟ್ಟಿರುವುದು ನಿಜವೆಂದೇ ತೋರುವ ವ್ಯಕ್ತಿಗಳ, ಘಟನೆಗಳ ಚಿತ್ರಗಳ ಮೇಲೆ. ಚಿತ್ರಕಲೆಯಂತೆಯೇ ಕಾಣುವ ಮುಖಪುಟ ಅದರಡಿ ಬಾರದೇ ಇರಬಹುದು, ಆಗಲೂ ಗಿರಾಕಿಗೆ ಹೇಳಬೇಕಾದದ್ದು ಹೇಳಬೇಕಾದದ್ದೇ. ಮಾಮೂಲಿ ತಿದ್ದುಪಡಿಗಳಿಗೆ ವಿನಾಯಿತಿಯೂ ಇದೆ. ಮದುವೆಯ ಫೋಟೊದಲ್ಲಿ ಬಣ್ಣ, ಬೆಳಕು ಸರಿಮಾಡಿದ್ದಕ್ಕೆ ಲೇಬಲ್ ಬೇಕಿಲ್ಲ. ತೀರಿಕೊಂಡ ಅಜ್ಜನನ್ನು ಎಐಯಿಂದ ಮಂಟಪದಲ್ಲಿ ನಿಲ್ಲಿಸಿದ್ದರೆ ಬೇಕು.