ಗೆಣ್ಣಿನ ಗಂಟು ಮತ್ತು ಸೋದರಮಾವನ ಸಾವು

ಇವತ್ತು ಚನ್ನಪಟ್ಟಣದ ಒಬ್ಬ ಗೊಂಬೆ ಕೆಲಸಗಾರರ ಕೈ ಬಗ್ಗೆ ಮಾತಾಡೋಣ. ವಯಸ್ಸು 34, ಹೆಸರು ಬೇಡ. ಎರಡೂ ಕೈಗಳ ಗೆಣ್ಣಿನ ಮೇಲೆ ಅವರೆಕಾಳಿನಷ್ಟು ಗಟ್ಟಿ ಗಂಟುಗಳು. "ಉಳಿ ಹಿಡಿದೂ ಹಿಡಿದೂ ಜಡ್ಡುಗಟ್ಟಿದೆ, ಅಷ್ಟೇ" ಅಂದಿದ್ದರು. ನಾನೂ ನಂಬಿದ್ದೆ.

2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡ ಮೇಲೆ ಹೃದಯ ತಪಾಸಣೆಗೆ ಜಯದೇವ ಆಸ್ಪತ್ರೆ ಮುಂದೆ ಜನ ಸಾಲುಗಟ್ಟಿದ್ದು ನಿಮಗೆ ನೆನಪಿರಬಹುದು. ಪುನೀತ್ ಅವರಿಗೆ ಈ ಕಾಯಿಲೆ ಇತ್ತು ಅಂತ ನಾನು ಹೇಳುತ್ತಿಲ್ಲ. ಆದರೆ ಆಗ ಹೆದರಿದ ಸಾವಿರಾರು ಜನರಲ್ಲಿ ಇವರೂ ಒಬ್ಬರು. ಊರಲ್ಲೇ ಇಸಿಜಿ ಮಾಡಿಸಿದರು, ನಾರ್ಮಲ್ ಬಂತು, ನೆಮ್ಮದಿಯಾಗಿ ಮನೆಗೆ ಹೋದರು. ರಕ್ತದಲ್ಲಿ ಕೊಲೆಸ್ಟ್ರಾಲ್ ಎಷ್ಟಿದೆ ಅಂತ ಇಸಿಜಿ ಹೇಳೋದಿಲ್ಲ.

ಗುಟ್ಟು ಹೊರಬಿದ್ದಿದ್ದು ಹಿಮ್ಮಡಿ ನೋವಿಗೆ ತೋರಿಸಲು ಹೋದಾಗ. ಮೀನಖಂಡವನ್ನು ಹಿಮ್ಮಡಿಗೆ ಕಟ್ಟಿರುವ ದಪ್ಪ ನಾರು ಇದೆಯಲ್ಲ, ವೈದ್ಯರು ಟೆಂಡನ್ ಅನ್ನುತ್ತಾರೆ, ಅದು ಎರಡೂ ಕಾಲಲ್ಲಿ ಊದಿಕೊಂಡಿತ್ತು. ಡಾಕ್ಟರು ಕಾಲು ಬಿಟ್ಟು ಕೈ ಹಿಡಿದುಕೊಂಡು, ಬೆರಳು ಮಡಚಿ ಬಿಚ್ಚಲು ಹೇಳಿದರು. ಜಡ್ಡು ಚರ್ಮದಲ್ಲೇ ಇರುತ್ತೆ. ಈ ಗಂಟುಗಳು ಚರ್ಮದ ಅಡಿಯಲ್ಲಿ, ಬೆರಳಿನ ನಾರಿನ ಜೊತೆ ಹಿಂದೆ ಮುಂದೆ ಸರಿಯುತ್ತಿದ್ದವು. ಅದು ನಾರಿನೊಳಗೆ ಕೂತ ಕೊಲೆಸ್ಟ್ರಾಲ್. ಆಮೇಲೆ ಕೇಳಿದ ಪ್ರಶ್ನೆ ಒಂದೇ: "ಮನೆಯಲ್ಲಿ ಚಿಕ್ಕ ವಯಸ್ಸಿಗೆ ಯಾರಾದರೂ ಹೋಗಿದ್ದಾರಾ?"

ಹೋಗಿದ್ದರು. ಮಾಗಡಿಯ ಸೋದರಮಾವ, 38ಕ್ಕೆ, ಹಾಲು ಕರೆಯುತ್ತಾ ಕುಸಿದಿದ್ದರು. ತಾಯಿ 57ಕ್ಕೆ. ಮನೆಯವರು ಅದನ್ನು ಮನೆದೇವರ ಮುನಿಸು ಅಂದುಕೊಂಡಿದ್ದರು.

ರಕ್ತ ಪರೀಕ್ಷೆಯಲ್ಲಿ ಕೆಟ್ಟ ಕೊಲೆಸ್ಟ್ರಾಲ್, ಅಂದರೆ ಎಲ್‌ಡಿಎಲ್, 280 ಬಂತು. ದೊಡ್ಡವರಲ್ಲಿ 190 ದಾಟಿದರೆ ವಂಶದ ಕಾಯಿಲೆಯ ಅನುಮಾನ ಪಡಬೇಕು. ಥೈರಾಯ್ಡ್ ಕಡಿಮೆಯಿದ್ದರೂ ಎಲ್‌ಡಿಎಲ್ ಏರುತ್ತೆ, ಅದಕ್ಕೇ ಅದನ್ನೂ ನೋಡಿದರು. ಸರಿಯಾಗಿತ್ತು.

ನಾನು ಓದಿದ್ದು ಎಂಜಿನಿಯರಿಂಗ್, ಹಾಗಾಗಿ ನನಗೆ ಇದು ಅರ್ಥವಾಗಿದ್ದು ಹೀಗೆ. ಎಲ್‌ಡಿಎಲ್ ಕಣಗಳನ್ನು ರಕ್ತದಿಂದ ಎಳೆದುಕೊಳ್ಳಲು ಯಕೃತ್ತಿನ ಜೀವಕೋಶಗಳ ಮೇಲೆ ಕೊಕ್ಕೆಗಳಿವೆ. ಇದನ್ನು ಕಂಡುಹಿಡಿದ ಬ್ರೌನ್ ಮತ್ತು ಗೋಲ್ಡ್‌ಸ್ಟೀನ್ ಅವರಿಗೆ 1985ರಲ್ಲಿ ನೊಬೆಲ್ ಬಂತು. ಕೊಕ್ಕೆಯ ಜೀನ್ ನಮಗೆ ಅಪ್ಪನಿಂದ ಒಂದು, ಅಮ್ಮನಿಂದ ಒಂದು ಬರುತ್ತೆ. ಒಂದು ಕೆಟ್ಟಿದ್ದರೆ ಕೊಕ್ಕೆ ಸುಮಾರು ಅರ್ಧ. ಹುಟ್ಟಿದ ದಿನದಿಂದಲೇ ರಕ್ತದಲ್ಲಿ ಕೊಲೆಸ್ಟ್ರಾಲ್ ಉಳಿದುಕೊಳ್ಳುತ್ತಾ ಹೋಗುತ್ತೆ. ತೆಳ್ಳಗಿದ್ದರೂ ಅಷ್ಟೇ, ಮುದ್ದೆ ಸೊಪ್ಪಿನ ಸಾರು ಉಂಡರೂ ಅಷ್ಟೇ. ಚಿಕಿತ್ಸೆ ಇಲ್ಲದಿದ್ದರೆ ಇಂಥ ಗಂಡಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ 50ರೊಳಗೆ ಹೃದಯ ಕೈಕೊಡುತ್ತೆ.

ಕೆಟ್ಟ ಜೀನ್ ಒಬ್ಬರಲ್ಲಿದ್ದರೆ ಅವರ ಪ್ರತಿ ಮಗುವಿಗೂ ಅದು ಬರುವ ಸಾಧ್ಯತೆ ಅರ್ಧಕ್ಕರ್ಧ. ಅದಕ್ಕೇ ಡಾಕ್ಟರು ಇಡೀ ಮನೆಯವರ ರಕ್ತ ಕೇಳಿದರು. 11 ವರ್ಷದ ಮಗ 92, ಏನೂ ತೊಂದರೆಯಿಲ್ಲ. 9 ವರ್ಷದ ಮಗಳು 198. ಮಗಳ ಕೈಯಲ್ಲಿ ಒಂದು ಗಂಟೂ ಇಲ್ಲ. ಇದನ್ನು ಗಮನಿಸಿ: ಮಕ್ಕಳಲ್ಲಿ ಗಂಟು ಸಾಮಾನ್ಯವಾಗಿ ಕಾಣಿಸೋದೇ ಇಲ್ಲ, ದೊಡ್ಡವರಲ್ಲೂ ಎಷ್ಟೋ ಜನಕ್ಕೆ ಬರೋದಿಲ್ಲ. ಕೈ ನೋಡಿ ಸುಮ್ಮನಾಗುವಂತಿಲ್ಲ, ರಕ್ತವನ್ನೇ ನೋಡಬೇಕು.

ಕನಕಪುರಕ್ಕೆ ಕೊಟ್ಟಿರುವ ಅಕ್ಕನದು 236, ಅಕ್ಕನ 22 ವರ್ಷದ ಮಗಳದು 214. ರಾಮನಗರದ ರೇಷ್ಮೆ ಮಾರುಕಟ್ಟೆಯಲ್ಲಿ ಕೆಲಸ ಮಾಡುವ ತಮ್ಮನದು 248. ಮನೆಯಲ್ಲಿ ಮೌನ ಕವಿದಿದ್ದು ಇಲ್ಲಿ. ಏಕೆಂದರೆ ಆ ತಮ್ಮನಿಗೂ ಅಕ್ಕನ ಮಗಳಿಗೂ ಮದುವೆ ಮಾತಾಗಿತ್ತು. ನಮ್ಮ ಕಡೆ ಇದು ಹೊಸದೇನಲ್ಲ. ಆದರೆ ಇಬ್ಬರಲ್ಲೂ ಒಂದೇ ಕೆಟ್ಟ ಜೀನ್ ಇದ್ದರೆ, ಹುಟ್ಟುವ ಪ್ರತಿ ಮಗುವಿಗೂ ನಾಲ್ಕರಲ್ಲಿ ಒಂದು ಪಾಲು ಎರಡೂ ಕೆಟ್ಟ ಜೀನ್ ಬರುವ ಅಪಾಯ. ಅಂಥ ಮಗುವಿನ ಎಲ್‌ಡಿಎಲ್ 500 ದಾಟಬಹುದು, ಶಾಲೆಗೆ ಹೋಗುವ ವಯಸ್ಸಿಗೇ ರಕ್ತನಾಳ ಕಟ್ಟಬಹುದು. ಸ್ಟ್ಯಾಟಿನ್ ಮಾತ್ರೆ ಕೆಲಸ ಮಾಡೋದು ಮುಖ್ಯವಾಗಿ ಕೊಕ್ಕೆಗಳನ್ನು ಹೆಚ್ಚಿಸಿ. ಒಳ್ಳೆಯ ಕೊಕ್ಕೆಯೇ ಇಲ್ಲದ ಮಗುವಿಗೆ ಅದು ಏನು ಮಾಡೀತು?

ಒಂದು ಜೀನ್ ಮಾತ್ರ ಕೆಟ್ಟವರ ಕಥೆ ಬೇರೆ. ಗೊಂಬೆ ಕೆಲಸಗಾರರು ಸ್ಟ್ಯಾಟಿನ್ ಜೊತೆ ಎಜೆಟಿಮೈಬ್ ಮಾತ್ರೆ ನುಂಗುತ್ತಿದ್ದಾರೆ. ಮೂರು ತಿಂಗಳಲ್ಲಿ 280 ಇದ್ದದ್ದು 118ಕ್ಕೆ ಇಳಿದಿದೆ, ಡಾಕ್ಟರು ಇನ್ನೂ ಇಳಿಸಬೇಕು ಅನ್ನುತ್ತಿದ್ದಾರೆ. ಮಾತ್ರೆ ಜೀವನಪೂರ್ತಿ. ಮಗಳಿಗೂ ಮಕ್ಕಳ ಡೋಸಿನಲ್ಲಿ ಸ್ಟ್ಯಾಟಿನ್ ಶುರುವಾಗಿದೆ.

ಮದುವೆ ಮಾತು ನಿಂತಿದೆ. ಅಕ್ಕ ಮೊದಮೊದಲು ಮುನಿಸಿಕೊಂಡಿದ್ದರು, ಈಗ ಮಾತಾಡುತ್ತಿದ್ದಾರೆ. ಮಾಗಡಿಯ ಮಾವನ ಇಬ್ಬರು ಮಕ್ಕಳಲ್ಲಿ ಚಿಕ್ಕವನ ರಿಪೋರ್ಟ್ ನಾರ್ಮಲ್ ಬಂತು. ದೊಡ್ಡವನಿಗೆ ಈಗ 36, "ನಂಗೇನಾಗಿದೆ" ಅಂತ ಇನ್ನೂ ರಕ್ತ ಕೊಟ್ಟಿಲ್ಲ.