ದೀರ್ಘ ತಪ್ಪಿದರೆ ಬಾಳೆಯೂ ಬಳೆ

ವಿದೇಶದಲ್ಲಿದ್ದು ಕನ್ನಡ ಹಾಡು ಕಲಿಯುವವರಿಗೆ ಊರಿನಿಂದ ಹೋಗುವುದು ಹೆಚ್ಚಾಗಿ ಹಾಡಿನ ಪುಸ್ತಕದ ಒಂದು ಫೋಟೊ. ಧಾಟಿಯನ್ನು ಕೇಳಿ ಕಲಿಯಬಹುದು, ಸಾಹಿತ್ಯವನ್ನು ಓದಲು ಬರುವುದಿಲ್ಲ. ಆಗ ಯಾರಾದರೂ ವಾಟ್ಸಾಪ್‌ನಲ್ಲಿ ಬರೆಯುವ ಹಾಗೆ ಅದನ್ನು ಇಂಗ್ಲಿಷ್ ಅಕ್ಷರಕ್ಕಿಳಿಸಿ ಕಳಿಸುತ್ತಾರೆ. ನಮಗೆ ಅಂಥ ಬರಹ ಸಲೀಸು. bale ಎಂದಿದ್ದರೆ ಹಿಂದುಮುಂದಿನ ಮಾತು ನೋಡಿ ಬಾಳೆಯೋ ಬಳೆಯೋ ಬಲೆಯೋ ಎಂದು ಹೇಳಿಬಿಡುತ್ತೇವೆ. ಕಲಿಯುವವರಿಗೆ ಆ ಆಸರೆ ಇಲ್ಲ, ಕಾಗದದ ಮೇಲೆ ಇದ್ದುದನ್ನೇ ಹಾಡುತ್ತಾರೆ.

ಉದಾಹರಣೆಗೆಂದೇ ಹೊಂದಿಸಿದ ಎರಡು ಸಾಲು ನೋಡಿ: ‘ಕೇರಿಯಿಂದ ಕೆರೆಯವರೆಗೆ, ಬಾಳೆ ತೋಟ, ಬಳೆಯ ಸದ್ದು.’ ಸಾಮಾನ್ಯ ರೂಢಿಯಲ್ಲಿ ಬರೆದರೆ ಇದು keriyinda kereyavarege, bale tota, baleya saddu ಎಂದಾಗುತ್ತದೆ. ಕೇರಿಯ ಉದ್ದ ಹೋಯಿತು, ಬಾಳೆಗೂ ಬಳೆಗೂ ಭೇದವೇ ಉಳಿಯಲಿಲ್ಲ. ಸರಿಯಾಗಿ ಬರೆದರೆ ಹೀಗೆ:

kēriyinda kereyavarege
bāḷe tōṭa, baḷeya saddu

ಸ್ವರದ ನೆತ್ತಿಯ ಮೇಲೆ ಅಡ್ಡಗೆರೆ ಇದ್ದರೆ ದೀರ್ಘ, ಇಲ್ಲದಿದ್ದರೆ ಹ್ರಸ್ವ. ವ್ಯಂಜನದ ಕೆಳಗೆ ಚುಕ್ಕೆ ಇದ್ದರೆ ಟ, ಡ, ಣ, ಷ, ಳ. ಇದು 2001ರಲ್ಲಿ ಬಂದ ISO 15919 ಎಂಬ ಅಂತರರಾಷ್ಟ್ರೀಯ ಪದ್ಧತಿ. ಸಂಸ್ಕೃತ ವಿದ್ವಾಂಸರು ಬಳಸುವ ಪದ್ಧತಿಯೂ ನೋಡಲು ಹೀಗೇ ಇದೆ, ಆದರೆ ಕನ್ನಡಕ್ಕೆ ಸಾಲದು. ಸಂಸ್ಕೃತದಲ್ಲಿ ಹ್ರಸ್ವ ಎ, ಒ ಇಲ್ಲದ್ದರಿಂದ ಅಲ್ಲಿ ಏ, ಓಗಳಿಗೆ ಗೆರೆಯನ್ನೇ ಹಾಕುವುದಿಲ್ಲ. ನಮಗೋ ಎಣಿ ಬೇರೆ, ಏಣಿ ಬೇರೆ; ಕೊಡು ಬೇರೆ, ಕೋಡು ಬೇರೆ. ಹಾಗಾಗಿ ē, ō ಎರಡೂ ಬೇಕೇ ಬೇಕು.

ಗೆರೆಯ ಬದಲು ಅಕ್ಷರವನ್ನು ಎರಡು ಸಲ ಬರೆಯಬಾರದೇ ಎಂದು ಕೇಳುವವರಿದ್ದಾರೆ. aa ಎಂದು ಬರೆದರೆ ತೊಂದರೆಯಿಲ್ಲ. ee ಎಂದರೆ ಮಾತ್ರ ಇಂಗ್ಲಿಷ್ ಬಲ್ಲವರ ನಾಲಿಗೆ ‘ಈ’ ಎಂದೇ ಹೊರಳುತ್ತದೆ, oo ಎಂದರೆ ‘ಊ’ ಎಂದು. ಕೇರಿ ಕೀರಿಯಾಗುತ್ತದೆ, ತೋಟ ತೂಟವಾಗುತ್ತದೆ. ಗೆರೆ ಹಾಕುವುದು ಕಷ್ಟವೂ ಅಲ್ಲ. ಬಹುತೇಕ ಫೋನುಗಳ ಇಂಗ್ಲಿಷ್ ಕೀಲಿಮಣೆಯಲ್ಲಿ a ಮೇಲೆ ಬೆರಳು ಒತ್ತಿ ಹಿಡಿದರೆ ā ಕಾಣಿಸಿಕೊಳ್ಳುತ್ತದೆ.

ಇನ್ನು ಫೋಟೊದ ಮಾತು. ನಮ್ಮ ಕಾಗುಣಿತದಲ್ಲಿ ಕಿ–ಕೀ, ಕೆ–ಕೇ, ಕೊ–ಕೋ ಈ ಮೂರು ಜೋಡಿಗಳಲ್ಲೂ ವ್ಯತ್ಯಾಸ ಒಂದೇ, ಬಲಗಡೆ ಬಿಡಿಯಾಗಿ ನಿಲ್ಲುವ ಆ ಪುಟ್ಟ ದೀರ್ಘದ ಕೊಂಡಿ. ಫೋಟೊದಲ್ಲಿ ಮೊದಲು ಮಾಯವಾಗುವುದೂ ಅದೇ. ಪುಸ್ತಕದ ಹೊಲಿಗೆಯ ಕಡೆಯ ನೆರಳು ಅದನ್ನು ನುಂಗುತ್ತದೆ, ಅಂಚು ಕತ್ತರಿಸಿದಾಗ ಸಾಲಿನ ಕೊನೆಯ ಕೊಂಡಿ ಹೊರಗುಳಿಯುತ್ತದೆ. ಹಳೆಯ ಮುದ್ರಣದಲ್ಲಿ ಅರ್ಕಾವೊತ್ತು ಕೂಡ ಅಕ್ಷರದ ಬಲಕ್ಕೇ ನಿಲ್ಲುವುದರಿಂದ ಇನ್ನೊಂದು ಗೊಂದಲ. ಮಸುಕಾದ ಚಿತ್ರದಲ್ಲಿ ‘ಕೀರ್ತಿ’ಯ ಕೊನೆಯ ಅಕ್ಷರ ‘ತೀ’ ಎಂದು ಕಂಡರೆ kīrti ಹೋಗಿ kītī ಆಗುತ್ತದೆ. ಆದ್ದರಿಂದ ಒಂದು ಫೋಟೊಗೆ ಒಂದೇ ಪುಟ, ಪುಟ ಚಪ್ಪಟೆಯಾಗಿರಲಿ, ಕಿಟಕಿಯ ಬೆಳಕು ಸಾಕು, ಬಲ ಅಂಚಿನಲ್ಲಿ ಸ್ವಲ್ಪ ಖಾಲಿ ಕಾಗದ ಕಾಣಲಿ.

ಫೋಟೊದಿಂದ ನೇರವಾಗಿ ರೋಮನ್‌ಗೆ ಹಾರದೆ, ಮೊದಲು ಕನ್ನಡದಲ್ಲೇ ಟೈಪ್ ಮಾಡಿ ತಿದ್ದಿಕೊಳ್ಳುವುದು ಒಳ್ಳೆಯದು. ತಪ್ಪಿದ ದೀರ್ಘ ನಮ್ಮ ಕಣ್ಣಿಗೆ ಬೇಗ ಬೀಳುವುದು ಕನ್ನಡ ಲಿಪಿಯಲ್ಲಿ. ಆಮೇಲೆ ‘ಅಕ್ಷರಮುಖ’ದಂಥ ಲಿಪ್ಯಂತರ ಸಾಧನಕ್ಕೆ ಕೊಟ್ಟರೆ ಗೆರೆ, ಚುಕ್ಕೆಗಳನ್ನು ಅದೇ ಹಾಕುತ್ತದೆ.

ಆದರೂ ಅನುಮಾನ ಉಳಿದರೆ ಶಾಲೆಯಲ್ಲಿ ಕಲಿತ ಛಂದಸ್ಸು ಕೈಹಿಡಿಯುತ್ತದೆ. ಹ್ರಸ್ವಕ್ಕೆ ಒಂದು ಮಾತ್ರೆ, ದೀರ್ಘಕ್ಕೆ ಎರಡು; ಸೊನ್ನೆ ಇರುವ ಅಕ್ಷರಕ್ಕೂ ಒತ್ತಕ್ಷರದ ಹಿಂದಿನದಕ್ಕೂ ಎರಡು. ಮೇಲಿನ ಸಾಲನ್ನು ಕೇರಿ–ಯಿಂದ–ಕೆರೆಯ–ವರೆಗೆ ಎಂದು ಬಿಡಿಸಿದರೆ ಮೂರು ಮೂರು ಮಾತ್ರೆಯ ನಾಲ್ಕು ಗಣ ಬರುತ್ತವೆ. ಎರಡನೆಯ ಸಾಲೂ ಹಾಗೇ. ಫೋಟೊದಲ್ಲಿ ‘ಕೆರಿ’ ಎಂದು ಕಂಡಿದ್ದರೆ ಮೊದಲ ಗಣಕ್ಕೆ ಒಂದು ಮಾತ್ರೆ ಕಡಿಮೆ ಬಿದ್ದು, ಕೊಂಡಿ ಎಲ್ಲಿ ಕಳೆದಿದೆ ಎಂದು ತಾನಾಗಿ ತಿಳಿಯುತ್ತದೆ. ಹೀಗೆ ಮಾತ್ರೆಯ ಲಯದಲ್ಲಿ ಸಾಗುವ ಭಾವಗೀತೆಗಳಿಗೆ ಈ ಲೆಕ್ಕ ಚೆನ್ನಾಗಿ ಒದಗುತ್ತದೆ, ವಚನಗಳಿಗೆ ನಡೆಯದು.

ಗಾಯಕರು ಎಳೆದು ಹಾಡಿದ ಕಡೆಗೆಲ್ಲ ಗೆರೆ ಹಾಕುವ ಆಸೆಯನ್ನು ಬಿಡಬೇಕು. ರಾಗಕ್ಕಾಗಿ ‘ಕೆರೆಯ’ದ ಕೊನೆಯನ್ನು ನಾಲ್ಕು ಎಣಿಕೆ ಎಳೆದರೂ ಬರಹದಲ್ಲಿ ಅದು kereya. ಎಳೆತ ತೋರಿಸಲೇಬೇಕಿದ್ದರೆ kereya – – ಎಂದು ಬೇರೆ ಗುರುತು ಕೊಡಿ. ಹಾಗೆಯೇ ಒತ್ತಿ ಹೇಳುವ ‘ನೀನೇ’ಯನ್ನು ಕೆಲವು ಪುಸ್ತಕಗಳು ‘ನೀನೆ’ ಎಂದು ಅಚ್ಚು ಮಾಡಿರುತ್ತವೆ. ಅಲ್ಲಿ ಪುಟದಲ್ಲಿ ಇರುವಂತೆ nīne ಎಂದೇ ಬರೆದು, ಹಾಡುವಾಗ nīnē ಎಂದು ಪಕ್ಕದಲ್ಲಿ ಸೂಚಿಸಿದರೆ ಕಲಿಯುವವರಿಗೆ ಎರಡೂ ಸಿಗುತ್ತವೆ.