ಅರ್ಧಕ್ಕೇ ನೀಲಿಯಾದ ಲಿಂಕು

ಕುವೆಂಪು ಅವರ ಬಗ್ಗೆ ಶಾಲೆಯಲ್ಲಿ ಮಾತಾಡಬೇಕಿದ್ದ ಅಣ್ಣನ ಮಗಳಿಗೆ ಕನ್ನಡ ವಿಕಿಪೀಡಿಯದ ಪುಟವೊಂದರ ಲಿಂಕನ್ನು ಇಮೇಲ್‌ನಲ್ಲಿ ಕಳಿಸಿದ್ದೆ. ಸಂಜೆ ಫೋನ್ ಬಂತು. "ಚಿಕ್ಕಪ್ಪ, ಲಿಂಕ್ ತೆರೆಯುತ್ತಿಲ್ಲ. ಮೇಲಿನ ಸಾಲು ನೀಲಿಯಾಗಿದೆ, ಕೆಳಗಿನದು ಕಪ್ಪಗೇ ಇದೆ" ಎಂದಳು. ತೊಂದರೆ ಏನೆಂಬುದು ಅವಳ ಆ ಒಂದು ಮಾತಿನಲ್ಲೇ ಇತ್ತು. ನಾನು ಬಳಸುವ ಇಮೇಲ್ ತಂತ್ರಾಂಶ ಬರೀ ಪಠ್ಯವನ್ನಷ್ಟೇ ಕಳಿಸುವ ಹಳೆಯ ಬಗೆಯದು. ಅವಳಿಗೆ ತಲುಪಿದ್ದು ಹೀಗೆ:

```
https://kn.wikipedia.org/wiki/%E0%B2%95%E0%B3%81%E0%B2%B5%E0%B3%86%E0%B2
%82%E0%B2%AA%E0%B3%81
```

ಪುಟದ ಹೆಸರು ಕನ್ನಡದಲ್ಲೇ ಇದೆ, ಬ್ರೌಸರ್‌ನ ಮೇಲ್ಪಟ್ಟಿಯಲ್ಲಿ 'ಕುವೆಂಪು' ಎಂದೇ ಓದಬಹುದು. ಅಲ್ಲಿಂದ ನಕಲು ಮಾಡಿ ಅಂಟಿಸಿದರೆ ಮಾತ್ರ ಸಾಮಾನ್ಯವಾಗಿ ಈ ಶೇಕಡಾ ಚಿಹ್ನೆಗಳ ಸರಪಳಿ ಬರುತ್ತದೆ. ಲಿಂಕಿನೊಳಗೆ ಇಂಗ್ಲಿಷ್ ಅಕ್ಷರ, ಅಂಕಿ ಮತ್ತು ಕೆಲವು ಚಿಹ್ನೆಗಳಿಗಷ್ಟೇ ಜಾಗವೆಂದು ನಿಯಮ ಮಾಡಿದ ಕಾಲದಿಂದ ಬಂದ ಪದ್ಧತಿ ಇದು. ಕಂಪ್ಯೂಟರ್ ಕನ್ನಡದ ಒಂದೊಂದು ಸಂಕೇತವನ್ನೂ ಮೂರು ಬೈಟ್‌ಗಳಲ್ಲಿ ಇಟ್ಟುಕೊಳ್ಳುತ್ತದೆ. ಲಿಂಕಿನಲ್ಲಿ ಒಂದು ಬೈಟನ್ನು ಬರೆಯಲು ಒಂದು % ಮತ್ತು ಎರಡು ಅಕ್ಷರ ಬೇಕು. ಹೀಗೆ ಒಂದು 'ಕ' ಬರೆಯಲು ಒಂಬತ್ತು ಸ್ಥಾನ ಹೋಗುತ್ತದೆ, ಅದರ ಕೊಂಬಿಗೆ ಇನ್ನೊಂಬತ್ತು. 'ಕುವೆಂಪು' ಎನ್ನುವುದು ಕ, ಉಕಾರ, ವ, ಎಕಾರ, ಸೊನ್ನೆ, ಪ, ಉಕಾರ ಸೇರಿ ಏಳು ಸಂಕೇತ, ಅಂದರೆ 63 ಸ್ಥಾನ. ಮುಂದಿನ ವಿಳಾಸದ 30 ಸೇರಿಸಿದರೆ 93. ಬಾಯಲ್ಲಿ ಮೂರೇ ಅಕ್ಷರದ ಹೆಸರು ಲಿಂಕಿನಲ್ಲಿ ಇಷ್ಟುದ್ದ ಬೆಳೆಯುವುದರಿಂದ, ಲಿಂಕು ಮುರಿಯುವ ಕಾಟ ಇಂಗ್ಲಿಷಿನವರಿಗಿಂತ ನಮಗೇ ಹೆಚ್ಚು.

ಇನ್ನು ನನ್ನ ತಂತ್ರಾಂಶ ಕತ್ತರಿ ಹಾಕಿದ್ದು 72ನೇ ಸ್ಥಾನಕ್ಕೆ. ಈ ಲೆಕ್ಕದ ಬೇರು ತುಂಬ ಹಳೆಯದು. 1928ರಲ್ಲಿ ಐಬಿಎಂ ಕಂಪನಿ ತಂದ ರಂಧ್ರದ ಕಾರ್ಡಿನಲ್ಲಿ 80 ಕಂಬಸಾಲುಗಳಿದ್ದವು. ಮುಂದೆ ಬಂದ ಕಂಪ್ಯೂಟರ್ ಪರದೆಗಳೂ ಸಾಲಿಗೆ 80 ಅಕ್ಷರವನ್ನೇ ರೂಢಿಯಾಗಿಸಿಕೊಂಡವು. ಉತ್ತರ ಬರೆಯುವಾಗ ಹಳೆಯ ಪತ್ರದ ಸಾಲುಗಳ ಮುಂದೆ > ಗುರುತು ಬೀಳುತ್ತಲೇ ಹೋಗುತ್ತದಲ್ಲ, ಅದಕ್ಕೂ ಜಾಗ ಇರಲಿ ಎಂದು ಜನ 72ಕ್ಕೇ ನಿಲ್ಲಿಸುವುದನ್ನು ಕಲಿತರು. ಇಮೇಲ್‌ನ ಈಗಿನ ನಿಯಮ, 2008ರ ಆರ್‌ಎಫ್‌ಸಿ 5322, ಸಾಲು 78 ಅಕ್ಷರ ಮೀರದಿದ್ದರೆ ಒಳ್ಳೆಯದು, 998ನ್ನಂತೂ ಮೀರಲೇಬಾರದು ಎನ್ನುತ್ತದೆ. 93 ಅಕ್ಷರದ ಲಿಂಕನ್ನು ಒಂದೇ ಸಾಲಿನಲ್ಲಿ ಕಳಿಸಲು ಅಡ್ಡಿಯೇನೂ ಇರಲಿಲ್ಲ. ಎಷ್ಟೋ ತಂತ್ರಾಂಶಗಳು ಪದಗಳ ನಡುವಿನ ಖಾಲಿ ಜಾಗದಲ್ಲಷ್ಟೇ ಸಾಲು ಮುರಿಯುತ್ತವೆ, ಲಿಂಕಿನಲ್ಲಿ ಖಾಲಿ ಜಾಗವೇ ಇಲ್ಲವಾದ್ದರಿಂದ ಅದನ್ನು ಮುಟ್ಟದೆ ಬಿಡುತ್ತವೆ. ನನ್ನದು ಅಕ್ಷರ ಎಣಿಸಿ ನೇರ ಕತ್ತರಿಸುವ ಜಾತಿಯದು.

ಕತ್ತರಿ ಎಲ್ಲಿ ಬಿದ್ದಿದೆ ನೋಡಿ. ಮೇಲಿನ ಸಾಲಿನಲ್ಲಿ 'ಕುವೆ' ಪೂರ್ತಿ ಬಂದಿದೆ. ಆಮೇಲಿನ ಸೊನ್ನೆಯ ಮೂರು ಬೈಟ್‌ಗಳಲ್ಲಿ ಎರಡು (%E0%B2) ಮೇಲೆ ಉಳಿದು, ಮೂರನೆಯದು (%82) ಕೆಳಗಿನ ಸಾಲಿಗೆ ಬಿದ್ದಿದೆ. ಮೇಲಿನ ಸಾಲನ್ನಷ್ಟೇ ಒತ್ತಿದರೆ ಅತ್ತ ಸರ್ವರ್‌ಗೆ ಸಿಗುವುದು 'ಕುವೆ' ಮತ್ತು ಮುಕ್ಕಾದ ಒಂದು ಸೊನ್ನೆ. ಅದು ಯಾವ ಪುಟದ ಹೆಸರೂ ಆಗಲಾರದು, ಹಾಗಾಗಿ ದೋಷದ ಸಂದೇಶ ಬರುತ್ತದೆ. ಅದೇ ಕತ್ತರಿ ಮೂರು ಸ್ಥಾನ ಆಚೆ, 75ಕ್ಕೆ ಬಿದ್ದಿದ್ದರೆ 'ಕುವೆಂ' ಎಂಬ ಸರಿಯಾದ ಅಕ್ಷರಗಳ ತಪ್ಪು ಹೆಸರು ಹೋಗುತ್ತಿತ್ತು. ಆಗ ಆ ಹೆಸರಿನ ಪುಟವೇ ಇಲ್ಲ ಎಂಬ ಉತ್ತರ ಸಿಕ್ಕಿ, ಪುಟವನ್ನು ಯಾರೋ ಅಳಿಸಿದ್ದಾರೆ ಎಂದು ಅವಳು ನಂಬಿಬಿಡುತ್ತಿದ್ದಳು.

ಲಿಂಕನ್ನು ಕೆಡಿಸುವುದು ಕಣ್ಣಿಗೆ ಕಾಣದ ಒಂದು ಅಕ್ಷರ: ಸಾಲು ಮುಗಿಯಿತು ಎಂದು ಹೇಳುವ ಗುರುತು. ಕೀಲಿಮಣೆಯಲ್ಲಿ ಎಂಟರ್ ಒತ್ತಿದರೆ ಬೀಳುವುದೂ ಅದೇ. ಫೋನಿನ ಅಗಲ ಸಾಲದೆ ಲಿಂಕು ಕೆಳಗಿನ ಸಾಲಿಗೆ ಹರಿದರೆ ಏನೂ ಆಗುವುದಿಲ್ಲ, ಅದು ಸೀರೆಯ ಮಡಿಕೆಯ ಹಾಗೆ. ಮಡಿಕೆಯೋ ಹರಿದದ್ದೋ ಎಂದು ತಿಳಿಯಲು ಫೋನನ್ನು ಅಡ್ಡ ಹಿಡಿಯಿರಿ, ಕಂಪ್ಯೂಟರಿನಲ್ಲಾದರೆ ಕಿಟಕಿಯನ್ನು ಅಗಲ ಮಾಡಿ. ಸಾಲು ಮುರಿದ ಜಾಗ ಸರಿದರೆ ಬರೀ ಮಡಿಕೆ. ಎಷ್ಟು ಅಗಲ ಮಾಡಿದರೂ ಅದೇ ಅಕ್ಷರದ ಹತ್ತಿರ ಮುರಿದೇ ಇದ್ದರೆ ನಡುವೆ ಸಾಲಿನ ಗುರುತು ಕೂತಿದೆ ಎಂದರ್ಥ.

ಸಂದೇಶದ ಆ್ಯಪ್‌ಗಳಲ್ಲಿ ಈ ಕತ್ತರಿ ಸಾಮಾನ್ಯವಾಗಿ ಇಲ್ಲ, ಅಲ್ಲಿನ ಕಷ್ಟ ಬೇರೆ. ನೀವು ಬರೆದ ಪಠ್ಯದಲ್ಲಿ https:// ಕಂಡ ಕೂಡಲೇ ಆ್ಯಪ್ ಅಲ್ಲಿಂದ ನೀಲಿ ಬಣ್ಣ ಹಚ್ಚಲು ಶುರುಮಾಡುತ್ತದೆ. ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಊಹಿಸಿಯೇ ತಿಳಿಯಬೇಕು. ಖಾಲಿ ಜಾಗ ಬಂದರೆ ನಿಲ್ಲಿಸುವುದು ಸುಲಭ. ಕೊನೆಯಲ್ಲಿ ಚುಕ್ಕಿ ಇದ್ದರೆ? ಅದು ವಾಕ್ಯದ ಪೂರ್ಣವಿರಾಮವೂ ಆಗಿರಬಹುದು, ಲಿಂಕಿನದೇ ಭಾಗವೂ ಆಗಿರಬಹುದು. ಆವರಣ ಚಿಹ್ನೆಯ ಕಥೆಯೂ ಇದೇ. ನಮ್ಮಲ್ಲಿ ಇನ್ನೊಂದು ಅಭ್ಯಾಸವಿದೆ: ವಿಭಕ್ತಿಯನ್ನು ಲಿಂಕಿಗೇ ಅಂಟಿಸಿ ಬರೆಯುತ್ತೇವೆ.

```
https://kn.wikipedia.org/wiki/ಕುವೆಂಪುನಲ್ಲಿ ನೋಡಿ
```

ಇದನ್ನು ಓದುವ ನಮಗೆ 'ನಲ್ಲಿ' ಬೇರೆ ಎಂದು ಗೊತ್ತು. ಆ್ಯಪ್‌ಗೆ ಗೊತ್ತಿಲ್ಲ, ಅದು 'ಕುವೆಂಪುನಲ್ಲಿ' ಎಂಬ ಪುಟವನ್ನು ಹುಡುಕಲು ಕಳಿಸುತ್ತದೆ. ಇಂಗ್ಲಿಷ್ ಅಕ್ಷರಗಳನ್ನಷ್ಟೇ ಲಿಂಕೆಂದು ಒಪ್ಪುವ ಆ್ಯಪ್ ಆದರೆ wiki/ ಎಂಬಲ್ಲಿಗೇ ನೀಲಿ ನಿಂತು ಹೋಗುತ್ತದೆ. ಇನ್ನು ಕೆಲವೆಡೆ ಉದ್ದದ ಲಿಂಕನ್ನು ತೋರಿಸುವಾಗ ಕೊನೆಗೆ ಮೂರು ಚುಕ್ಕಿ ಇಟ್ಟು ಮೊಟಕು ಮಾಡುತ್ತಾರೆ. ಒಳಗೆ ಪೂರ್ತಿ ಲಿಂಕೇ ಇರುತ್ತದೆ, ಒತ್ತಿದರೆ ತೆರೆಯುತ್ತದೆ. ಆದರೆ ಕಂಡ ಅಕ್ಷರಗಳನ್ನಷ್ಟೇ ನಕಲು ಮಾಡಿ ಬೇರೆಯವರಿಗೆ ಕಳಿಸಿದರೆ ಅವರಿಗೆ ತಲುಪುವುದು ಆ ಮೊಟಕೇ. ಲಿಂಕಿನ ಮೇಲೆ ಬೆರಳನ್ನು ಒತ್ತಿ ಹಿಡಿದು, ಲಿಂಕ್ ನಕಲಿಸುವ ಆಯ್ಕೆಯಿಂದ ತೆಗೆದುಕೊಳ್ಳಬೇಕು.

ಮುರಿದು ಬಂದದ್ದನ್ನು ಕೂಡಿಸುವುದು ಕಷ್ಟವಲ್ಲ. ಎರಡೂ ಸಾಲನ್ನು ನಕಲು ಮಾಡಿ ಒಂದು ಖಾಲಿ ಟಿಪ್ಪಣಿಯಲ್ಲಿ ಅಂಟಿಸಿ. ಎರಡನೆಯ ಸಾಲಿನ ಮೊದಲ ಅಕ್ಷರದ ಹಿಂದೆ ಕರ್ಸರ್ ಇಟ್ಟು ಅಳಿಸುವ ಕೀಲಿ ಒತ್ತಿದರೆ ಸಾಲಿನ ಗುರುತು ಹೋಗಿ ಎರಡೂ ಸೇರುತ್ತವೆ. ಮುಂದೆ > ಇದ್ದರೆ ಅದನ್ನೂ, ನಡುವೆ ಉಳಿದ ಖಾಲಿ ಜಾಗವನ್ನೂ ತೆಗೆಯಿರಿ. ಸಾಲುಗಳ ಕೊನೆಯಲ್ಲೆಲ್ಲ = ಇದ್ದು, ಲಿಂಕಿನ ನಡುವೆ =3D ಎಂದು ಕಂಡರೆ ಅದು ಇಮೇಲ್ ಸಾಗಣೆಗಾಗಿ ಮಾಡಿದ ಕಟ್ಟು, ಬಿಚ್ಚದೆಯೇ ನಿಮ್ಮ ಕೈಗೆ ಬಂದಿದೆ. ಸಾಲಿನ ಕೊನೆಯ = ಅಳಿಸಿ, =3D ಇರುವಲ್ಲಿ ಬರೀ = ಉಳಿಸಿ.

ಕಳಿಸುವವರು ಮಾಡಬೇಕಾದದ್ದು ಇನ್ನೂ ಸಣ್ಣದು. ಪಠ್ಯದ ಇಮೇಲ್ ಆದರೆ ಲಿಂಕನ್ನು < ಮತ್ತು > ನಡುವೆ ಇಡಿ. ವಿಳಾಸಗಳ ನಿಯಮ ಹೇಳುವ ಆರ್‌ಎಫ್‌ಸಿ 3986 ಇದನ್ನೇ ಸೂಚಿಸುತ್ತದೆ. ನಡುವೆ ಸಾಲು ಮುರಿದರೂ ಲಿಂಕು ಎಲ್ಲಿಗೆ ಮುಗಿಯುತ್ತದೆಂದು ಓದುವ ತಂತ್ರಾಂಶಕ್ಕೆ ತಿಳಿಯುವ ಸಾಧ್ಯತೆ ಇರುತ್ತದೆ. ಎಲ್ಲ ತಂತ್ರಾಂಶಗಳೂ ಇದನ್ನು ಪಾಲಿಸುವುದಿಲ್ಲ. ವಿಕಿಪೀಡಿಯದ ಪುಟಗಳಿಗಾದರೆ w.wiki ಎಂದು ಶುರುವಾಗುವ ಕಿರು ಲಿಂಕನ್ನು ಅವರೇ ಮಾಡಿಕೊಡುತ್ತಾರೆ. ಬೇರೆಯವರ ಕಿರು ಲಿಂಕುಗಳನ್ನು ನಾನು ಅಷ್ಟಾಗಿ ನಂಬುವುದಿಲ್ಲ, ಎಲ್ಲಿಗೆ ಹೋಗುತ್ತದೆಂದು ಒತ್ತುವ ಮುಂಚೆ ಕಾಣುವುದಿಲ್ಲ.

ಸಂದೇಶದಲ್ಲಿ ಕಳಿಸುವಾಗ ಲಿಂಕಿಗೆ ಅದರದೇ ಒಂದು ಸಾಲು ಕೊಡಿ. ಹಿಂದೆ ಮುಂದೆ ಚುಕ್ಕಿ, ಆವರಣ, ವಿಭಕ್ತಿ ಯಾವುದನ್ನೂ ಅಂಟಿಸಬೇಡಿ.